ಚಟ್ನಿಪುಡಿ ಕುಟ್ಟಿದ ದಿನ ಯಾವತ್ತು? ಅದನ್ನೇ ಬರೀರಿ

📌 1/8

ಮನೆಯಲ್ಲಿ ಮಾಡಿ ಮಾರೋ ಚಟ್ನಿಪುಡಿ, ಸಾರಿನಪುಡಿ ಪ್ಯಾಕೆಟ್ ಕೈಗೆ ಬಂದ್ರೆ ನಾನು ಮೊದಲು ಹುಡುಕೋದು ತಾರೀಖು. ಸುಮಾರು ಪ್ಯಾಕೆಟ್‌ಗಳಲ್ಲಿ ಸಿಗೋದು ಒಂದೇ ಸಾಲು: “ಬೆಸ್ಟ್ ಬಿಫೋರ್ 2 ತಿಂಗಳು”. ಯಾವತ್ತಿನಿಂದ ಎರಡು ತಿಂಗಳು? ಮಾಡಿದ ದಿನದಿಂದಲಾ, ಕವರ್‌ಗೆ ತುಂಬಿದ ದಿನದಿಂದಲಾ, ಕೊರಿಯರ್ ಮನೆಗೆ ಬಂದ ದಿನದಿಂದಲಾ? ಬರೆದವರಿಗೆ ಗೊತ್ತಿರುತ್ತೆ, ಓದೋರಿಗೆ ಗೊತ್ತಾಗಲ್ಲ.

ಇನ್ನು ಕೆಲವರು ತಾರೀಖನ್ನೂ ಬರೀತಾರೆ. ಆದರೆ ಅದು ಆರ್ಡರ್ ಬಂದ ಮೇಲೆ ದೊಡ್ಡ ಡಬ್ಬಿಯಿಂದ ತೆಗೆದು ಕವರ್‌ಗೆ ಹಾಕಿ ಸೀಲ್ ಮಾಡಿದ ತಾರೀಖು. ಡಬ್ಬಿಯಲ್ಲಿ ಆ ಪುಡಿ ಎಷ್ಟು ದಿನದಿಂದ ಕೂತಿತ್ತು ಅನ್ನೋದು ಲೇಬಲ್ ಮೇಲೆ ಎಲ್ಲೂ ಬರಲ್ಲ.

ಈ ಸರಣಿಯಲ್ಲಿ ನಾನು ಹೇಳಬೇಕಂತಿರೋದು ಇಷ್ಟೇ: ಮನೆ ತಿಂಡಿಯ ಅವಧಿ ಲೆಕ್ಕ ಶುರುವಾಗಬೇಕಾದ್ದು ಅದು ತಯಾರಾದ ದಿನದಿಂದ, ಕವರ್‌ಗೆ ಹೋದ ದಿನದಿಂದ ಅಲ್ಲ. ಅವಧಿ ಹತ್ರ ಬಂದ ಮಾಲನ್ನು ಕಡಿಮೆ ಬೆಲೆಗೆ ಕೊಡೋದರಲ್ಲಿ ನಾಚಿಕೆಪಡೋ ವಿಷಯ ಏನೂ ಇಲ್ಲ, ಆ ತಾರೀಖನ್ನು ಮುಟ್ಟದೆ ಕೊಟ್ಟರೆ.

ನಾನೂ ಮನೆಯಿಂದಲೇ ಮಾರೋಳು. ಹಾಗಾಗಿ ಉದಾಹರಣೆಗೆ ನನ್ನ ಕೈಗೆ ಚೆನ್ನಾಗಿ ಗೊತ್ತಿರೋ ಶೇಂಗಾ ಚಟ್ನಿಪುಡಿಯನ್ನೇ ತಗೊಳ್ತೀನಿ. 👉

📌 2/8

ಮೊದಲು ಪದಗಳು. ಎಫ್‌ಎಸ್‌ಎಸ್‌ಎಐನ 2020ರ ಲೇಬಲಿಂಗ್ ನಿಯಮದಲ್ಲಿ ನಾಲ್ಕು ತಾರೀಖುಗಳ ಮಾತು ಬರುತ್ತೆ. ನಾಲ್ಕೂ ಬೇರೆ ಬೇರೆ.

ತಯಾರಿಕೆ ದಿನಾಂಕ ಅಂದ್ರೆ ಆ ಆಹಾರ ಲೇಬಲ್‌ನಲ್ಲಿ ಹೇಳಿದ ಪದಾರ್ಥ ಆದ ದಿನ. ಶೇಂಗಾ, ಮೆಣಸಿನಕಾಯಿ, ಬೆಳ್ಳುಳ್ಳಿ, ಉಪ್ಪು ಎಲ್ಲ ಸೇರಿ “ಶೇಂಗಾ ಚಟ್ನಿಪುಡಿ” ಆಗಿದ್ದು ಯಾವತ್ತೋ ಆ ದಿನ. ಪ್ಯಾಕಿಂಗ್ ದಿನಾಂಕ ಅಂದ್ರೆ ಗಿರಾಕಿ ಕೈಗೆ ಹೋಗೋ ಕವರ್‌ಗೆ ಅದನ್ನು ತುಂಬಿದ ದಿನ.

ಬೆಸ್ಟ್ ಬಿಫೋರ್ ರುಚಿ-ಗುಣಕ್ಕೆ ಸಂಬಂಧಿಸಿದ್ದು. ಆ ದಿನ ದಾಟಿದ ಮೇಲೆ ಗುಣ ಸ್ವಲ್ಪ ಕಮ್ಮಿ ಆಗಿರಬಹುದು, ಆದರೂ ತಿನ್ನೋಕೆ ಸುರಕ್ಷಿತ ಇರಬಹುದು. ಎಕ್ಸ್‌ಪೈರಿ ಅಥವಾ ಯೂಸ್ ಬೈ ಹಾಗಲ್ಲ. ಆ ದಿನ ದಾಟಿದ್ರೆ ಮಾರೋ ಹಾಗೇ ಇಲ್ಲ.

2011ರ ಹಳೇ ನಿಯಮದಲ್ಲಿ “ಇಷ್ಟು ತಿಂಗಳೊಳಗೆ ಬೆಸ್ಟ್ ಬಿಫೋರ್” ಅಂತ ಬರೆಯೋ ಪದ್ಧತಿ ಇತ್ತು. ಆ ಅಭ್ಯಾಸ ನಮ್ಮ ಸ್ಟಿಕ್ಕರ್‌ಗಳಲ್ಲಿ ಇವತ್ತಿಗೂ ಉಳಿದುಕೊಂಡಿದೆ. 2020ರ ನಿಯಮ ಅದನ್ನು ತಿರುಗಿಸಿತು. ಈಗ ಎಕ್ಸ್‌ಪೈರಿ/ಯೂಸ್ ಬೈ ಕಡ್ಡಾಯ, ಬೆಸ್ಟ್ ಬಿಫೋರ್ ಬೇಕಿದ್ರೆ ಜೊತೆಗೆ ಬರೀಬಹುದು ಅಷ್ಟೇ. ಬರೀ ಬೆಸ್ಟ್ ಬಿಫೋರ್ ಬರೆದು ಕೈ ತೊಳ್ಕೊಳ್ಳೋ ಹಾಗಿಲ್ಲ.

ಆದರೆ ಅದೇ ನಿಯಮದಲ್ಲಿ ಒಂದು ಸಣ್ಣ ಪದ ಇದೆ: “ಅಥವಾ”. ತಯಾರಿಕೆ ದಿನಾಂಕ *ಅಥವಾ* ಪ್ಯಾಕಿಂಗ್ ದಿನಾಂಕ. ಎರಡರಲ್ಲಿ ಒಂದು ಇದ್ರೆ ಸಾಕು. ದೊಡ್ಡ ಫ್ಯಾಕ್ಟರಿಯಲ್ಲಿ ಬೆಳಿಗ್ಗೆ ಮಾಡಿದ್ದು ಸಂಜೆಗೆ ಕವರ್‌ಗೆ ಹೋದ್ರೆ ಈ “ಅಥವಾ” ಯಾರಿಗೂ ತೊಂದರೆ ಕೊಡಲ್ಲ. ನಮ್ಮ ಮನೆಗಳಲ್ಲಿ ಕೆಲಸ ನಡೆಯೋದು ಹಾಗಲ್ಲ. ನಾವು ಒಂದು ಭಾನುವಾರ ಐದು ಕೆಜಿ ಮಾಡಿ ಸ್ಟೀಲ್ ಡಬ್ಬಿಗೆ ಹಾಕಿಡ್ತೀವಿ, ಆಮೇಲೆ ಆರ್ಡರ್ ಬಂದ ಹಾಗೆ ತಿಂಗಳಿಡೀ ತುಂಬ್ತೀವಿ. ಆ “ಅಥವಾ” ಒಳಗೆ ಒಂದು ತಿಂಗಳು ಕಾಣೆಯಾಗಿಬಿಡುತ್ತೆ. 👉

📌 3/8

ಲೆಕ್ಕ ಹಾಕಿ ನೋಡೋಣ.

ಮಾರ್ಚ್ 2ಕ್ಕೆ ಐದು ಕೆಜಿ ಚಟ್ನಿಪುಡಿ ಕುಟ್ಟಿದ್ವಿ ಅಂದ್ಕೊಳ್ಳಿ. ಇದು 60 ದಿನ ಚೆನ್ನಾಗಿರುತ್ತೆ ಅಂತ ಪರೀಕ್ಷೆ ಮಾಡಿ ಗೊತ್ತು ಮಾಡ್ಕೊಂಡಿದ್ದೀವಿ. ಮಾಡಿದ ದಿನವನ್ನೂ ಸೇರಿಸಿ ಎಣಿಸಿದ್ರೆ ಮಾರ್ಚ್‌ನಲ್ಲಿ 30 ದಿನ, ಏಪ್ರಿಲ್‌ನಲ್ಲಿ 30 ದಿನ. ಅಂದ್ರೆ ಕೊನೆ ದಿನ ಏಪ್ರಿಲ್ 30.

ಅದೇ ಡಬ್ಬಿಯಿಂದ ಮಾರ್ಚ್ 28ಕ್ಕೆ ಒಂದು ಕಾಲು ಕೆಜಿ ಪ್ಯಾಕೆಟ್ ತುಂಬ್ತೀವಿ. ಆ ದಿನದ ಪ್ಯಾಕಿಂಗ್ ತಾರೀಖು ಹಾಕಿ, ಅಲ್ಲಿಂದ ಮತ್ತೆ 60 ದಿನ ಎಣಿಸಿದ್ರೆ ಎಕ್ಸ್‌ಪೈರಿ ಮೇ 26 ಆಗುತ್ತೆ.

ಅಂದ್ರೆ ಲೇಬಲ್ 26 ದಿನ ಜಾಸ್ತಿ ಕೊಟ್ಟುಬಿಟ್ಟಿದೆ. ಗಿರಾಕಿ ಮೇ 26ರಂದು ತಿಂದ್ರೆ ಅವರ ತಟ್ಟೆಯಲ್ಲಿ ಇರೋದು 86 ದಿನದ ಪುಡಿ. ಲೇಬಲ್ ಮಾತ್ರ 60 ದಿನದ್ದು ಅನ್ನುತ್ತೆ. ಯಾರೂ ಬೇಕಂತ ಸುಳ್ಳು ಹೇಳಿಲ್ಲ, ಪ್ಯಾಕಿಂಗ್ ತಾರೀಖು ನಿಜವಾದದ್ದೇ. ಆದರೂ ಎಕ್ಸ್‌ಪೈರಿ ಸುಳ್ಳಾಯ್ತು.

ಇದಕ್ಕಿಂತ ಕಷ್ಟದ್ದು ಇನ್ನೊಂದಿದೆ. ಡಬ್ಬಿ ತಳದಲ್ಲಿ ಅರ್ಧ ಕೆಜಿ ಉಳಿದಿರುವಾಗಲೇ ಹೊಸದಾಗಿ ಕುಟ್ಟಿದ್ದನ್ನ ಮೇಲೆ ಸುರಿಯೋದು. ಆಗ ಆ ಡಬ್ಬಿಯ ವಯಸ್ಸು ಎಷ್ಟು? ನನ್ನ ಪ್ರಕಾರ ಅದರೊಳಗೆ ಇರೋ ಅತಿ ಹಳೇ ಪುಡಿಯ ವಯಸ್ಸು. ಹಳೇ ಪುಡಿಯ ಕಮಟು ಹೊಸದನ್ನೂ ಬೇಗ ಕೆಡಿಸುತ್ತೆ. ಡಬ್ಬಿ ಪೂರ್ತಿ ಖಾಲಿ ಮಾಡಿ, ತೊಳೆದು, ಒಣಗಿಸಿ ಹೊಸದು ಹಾಕೋದು ಒಂದೇ ದಾರಿ. ಎರಡು ಡಬ್ಬಿ ಇಟ್ಕೊಂಡ್ರೆ ಇದು ಸುಲಭ. 👉

📌 4/8

“ಸೀಲ್ ಮಾಡೋವರೆಗೂ ಸ್ಟೀಲ್ ಡಬ್ಬಿಯಲ್ಲಿ ಭದ್ರವಾಗೇ ಇತ್ತಲ್ವಾ, ಅಲ್ಲಿ ಏನಾಗುತ್ತೆ?” ಅಂತ ಕೇಳೋರಿದ್ದಾರೆ. ನಿಜ ಹೇಳಬೇಕಂದ್ರೆ ಕವರ್‌ಗಿಂತ ಡಬ್ಬಿಯಲ್ಲೇ ಅದು ಬೇಗ ಹಳತಾಗುತ್ತೆ.

ಶೇಂಗಾದ ತೂಕದಲ್ಲಿ ಹತ್ರ ಹತ್ರ ಅರ್ಧ ಎಣ್ಣೆ. ಕಾಳು ಇಡಿಯಾಗಿರೋವರೆಗೆ ಆ ಎಣ್ಣೆ ಒಳಗೇ ಇರುತ್ತೆ. ಹುರಿದು ಕುಟ್ಟಿದ ಕೂಡಲೇ ಎಣ್ಣೆ ಪುಡಿಯ ಮೈಯೆಲ್ಲ ಹರಡಿ ಗಾಳಿಗೆ ಒಡ್ಡಿಕೊಳ್ಳುತ್ತೆ. ಗಾಳಿಯಲ್ಲಿರೋ ಆಮ್ಲಜನಕ ಆ ಎಣ್ಣೆ ಜೊತೆ ಸೇರಿ ನಿಧಾನಕ್ಕೆ ಕಮಟು ಹುಟ್ಟಿಸುತ್ತೆ. ಬಿಸಿ ಮತ್ತು ಬೆಳಕು ಅದರ ವೇಗ ಹೆಚ್ಚಿಸುತ್ತೆ. ಒಣಕೊಬ್ಬರಿ ಸೇರಿಸೋರಿಗೆ ಅದರ ಎಣ್ಣೆಯೂ ಲೆಕ್ಕಕ್ಕೆ ಬರುತ್ತೆ.

ಮಾರೋ ಡಬ್ಬಿಯನ್ನ ದಿನಕ್ಕೆ ಎರಡು-ಮೂರು ಸಲ ತೆಗೀತೀವಿ. ಪ್ರತಿ ಸಲ ಹೊಸ ಗಾಳಿ ಒಳಗೆ ಹೋಗುತ್ತೆ. ಡಬ್ಬಿ ಖಾಲಿಯಾಗ್ತಾ ಹೋದ ಹಾಗೆ ಪುಡಿ ಕಮ್ಮಿ, ಗಾಳಿ ಜಾಸ್ತಿ. ಹಾಗಾಗಿ ತಳದಲ್ಲಿರೋ ಕೊನೆ ಒಂದು ಕೆಜಿಗೆ ಮೊದಲ ಕೆಜಿಗಿಂತ ಹೆಚ್ಚು ಪೆಟ್ಟು ಬಿದ್ದಿರುತ್ತೆ. ಪ್ಯಾಕಿಂಗ್ ತಾರೀಖಿನ ಲೆಕ್ಕದಲ್ಲಿ ಅತಿ ಹೆಚ್ಚು ದಿನ ಸಿಗೋದು ಇದೇ ಕೊನೆ ಕೆಜಿಗೆ. ಲೆಕ್ಕ ಪೂರ್ತಿ ತಲೆಕೆಳಗು.

ಎರಡನೇ ಶತ್ರು ತೇವ. ಬೆಳ್ಳುಳ್ಳಿ, ಹುಣಸೆಹಣ್ಣು, ಬೆಲ್ಲ ಮೂರರಲ್ಲೂ ನೀರಿನಂಶ ಇದೆ. ಬೆಳ್ಳುಳ್ಳಿ ಸರಿಯಾಗಿ ಹುರಿಯದೆ ಹಾಕಿದ್ರೆ ಎರಡನೇ ವಾರಕ್ಕೇ ಪುಡಿ ಗಂಟುಕಟ್ಟೋಕೆ ಶುರುವಾಗುತ್ತೆ.

ಪರಿಹಾರ ಸರಳ. ಮಾಡಿದ ದಿನ, ಹೆಚ್ಚೆಂದರೆ ಮಾರನೇ ದಿನ, ಪುಡಿ ಪೂರ್ತಿ ಆರಿದ ಮೇಲೆ ಅಷ್ಟನ್ನೂ ಕವರ್‌ಗೆ ತುಂಬಿ ಸೀಲ್ ಮಾಡಿ. ಬಿಸಿ ಇರುವಾಗ ತುಂಬಬೇಡಿ, ಒಳಗೆ ಹನಿ ಕಟ್ಟುತ್ತೆ. ಎಲ್ಲ ಒಂದೇ ಸಲ ತುಂಬಿದ್ರೆ ತಯಾರಿಕೆ ತಾರೀಖೂ ಪ್ಯಾಕಿಂಗ್ ತಾರೀಖೂ ಒಂದೇ ಆಗುತ್ತೆ, ಅರ್ಧ ಗೊಂದಲ ಅಲ್ಲಿಗೇ ಮುಗೀತು. 👉

📌 5/8

ಹಾಗಾದ್ರೆ ಆ “60 ದಿನ” ಎಲ್ಲಿಂದ ಬಂತು? ಪಕ್ಕದ ಬ್ರ್ಯಾಂಡ್‌ನ ಪ್ಯಾಕೆಟ್ ನೋಡಿ ಬರ್ಕೊಳ್ಳೋದಲ್ಲ. ಅವರ ಕವರ್ ಬೇರೆ, ಹುರಿಯೋ ಹದ ಬೇರೆ, ಬೆಳ್ಳುಳ್ಳಿ ಪ್ರಮಾಣ ಬೇರೆ.

ಒಂದೇ ಬ್ಯಾಚ್‌ನಿಂದ ಹತ್ತು ಸಣ್ಣ ಪ್ಯಾಕೆಟ್ ತೆಗೆದಿಡಿ. ನೀವು ಮಾರೋ ಕವರ್ ಯಾವುದೋ ಅದೇ ಕವರ್‌ನಲ್ಲಿ. ಒಂದನ್ನು ಫ್ರೀಜರ್‌ಗೆ ಹಾಕಿ, ಅದು ಹೋಲಿಸಿ ನೋಡೋಕೆ. ಉಳಿದ ಒಂಬತ್ತನ್ನು ಅಡುಗೆಮನೆ ಕಪಾಟಿನಲ್ಲೇ ಇಡಿ. ನಾಲ್ಕನೇ ವಾರದಿಂದ ವಾರಕ್ಕೊಂದು ತೆಗೆದು, ಫ್ರೀಜರ್‌ನದರ ಒಂದು ಚಿಟಿಕೆ ಪಕ್ಕದಲ್ಲಿಟ್ಟು ಮೂಸಿ, ರುಚಿ ನೋಡಿ, ನೋಟ್‌ಬುಕ್‌ನಲ್ಲಿ ಬರೀರಿ. ಮಾಡಿದವರ ಮೂಗಿಗೆ ಅದೇ ವಾಸನೆ ಅಭ್ಯಾಸ ಆಗಿರುತ್ತೆ. ಅದಕ್ಕೆ ಮನೆಯ ಇನ್ನೊಬ್ಬರಿಗೆ, ಯಾವುದು ಹಳೇದು ಅಂತ ಹೇಳದೆ ಕೊಡಿ.

ಮೊದಲು ಹೋಗೋದು ಹುರಿದ ಶೇಂಗಾ ಘಮ. ಆಮೇಲೆ ನಾಲಿಗೆ ಹಿಂಭಾಗದಲ್ಲಿ ಒಂದು ಸಣ್ಣ ಕಹಿ. ಆಮೇಲೆ ಹಳೇ ಎಣ್ಣೆ ಅಥವಾ ಪೇಂಟ್‌ನಂಥ ಕಮಟು. ಕಮಟು ಹನ್ನೊಂದನೇ ವಾರಕ್ಕೆ ಗೊತ್ತಾಯ್ತು ಅಂದ್ರೆ 77 ದಿನ ಅಂತ ಬರೆಯಬೇಡಿ. ಗಿರಾಕಿ ಮನೆಯಲ್ಲಿ ಡಬ್ಬಿ ಒಲೆ ಪಕ್ಕದಲ್ಲಿರಬಹುದು, ಕೊರಿಯರ್ ವ್ಯಾನ್ ಬಿಸಿಲಲ್ಲಿ ನಿಂತಿರಬಹುದು. ಅದಕ್ಕೆ ಜಾಗ ಬಿಟ್ಟು 60 ಅನ್ನಿ. ಈ ಪರೀಕ್ಷೆಯನ್ನ ಡಿಸೆಂಬರ್‌ನಲ್ಲಿ ಅಲ್ಲ, ಮಾರ್ಚ್-ಏಪ್ರಿಲ್ ಬಿಸಿಲಲ್ಲಿ ಮಾಡಿ.

ಒಂದು ಎಚ್ಚರಿಕೆ. ನಾಲಿಗೆ ಹೇಳೋದು ಗುಣದ ಬಗ್ಗೆ ಮಾತ್ರ. ಬೂಷ್ಟು ಹಿಡಿದ ಶೇಂಗಾದಲ್ಲಿ ಬರಬಹುದಾದ ಅಫ್ಲಟಾಕ್ಸಿನ್‌ಗೆ ರುಚಿಯೂ ಇಲ್ಲ, ವಾಸನೆಯೂ ಇಲ್ಲ, ಹುರಿದ್ರೂ ಪೂರ್ತಿ ಹೋಗಲ್ಲ. ಅದಕ್ಕೆ ಮುರುಟಿದ, ಬಣ್ಣ ಕೆಟ್ಟ ಕಾಳನ್ನ ಹುರಿಯೋ ಮೊದಲೇ ಆರಿಸಿ ಎಸೆಯೋದು ಬಿಟ್ಟು ಅಡುಗೆಮನೆಯಲ್ಲಿ ಬೇರೆ ಪರೀಕ್ಷೆ ಇಲ್ಲ. ಬ್ಯುಸಿನೆಸ್ ಬೆಳೆದ ಮೇಲೆ ಒಂದು ಸಲವಾದ್ರೂ ಲ್ಯಾಬ್‌ಗೆ ಕೊಡಿ. 👉

📌 6/8

ಈಗ ಲೇಬಲ್. ಮಾರ್ಚ್ 2ರ ಬ್ಯಾಚ್, ಮಾರ್ಚ್ 28ಕ್ಕೆ ತುಂಬಿದ ಪ್ಯಾಕೆಟ್ ಅಂದ್ರೆ ನಾನು ಬರೆಯೋದು ಹೀಗೆ:

ತಯಾರಿಸಿದ ದಿನ: 02/03/26
ಪ್ಯಾಕ್ ಮಾಡಿದ ದಿನ: 28/03/26
ಎಕ್ಸ್‌ಪೈರಿ / ಯೂಸ್ ಬೈ: 30/04/26
ಬ್ಯಾಚ್: 020326
ಗಾಳಿಯಾಡದ ಡಬ್ಬಿಯಲ್ಲಿ, ಒಲೆಯಿಂದ ದೂರ ಇಡಿ. ಒಣ ಚಮಚ ಬಳಸಿ. ತೆರೆದ ಮೇಲೆ 20 ದಿನದೊಳಗೆ, ಎಕ್ಸ್‌ಪೈರಿ ದಾಟದಂತೆ ಮುಗಿಸಿ.

ಪ್ರತಿ ಸಾಲಿಗೂ ಕಾರಣ ಇದೆ. ಮೂರು ತಿಂಗಳೊಳಗಿನ ಅವಧಿಯ ಪದಾರ್ಥಕ್ಕೆ ದಿನ, ತಿಂಗಳು, ವರ್ಷ ಮೂರೂ ಬೇಕು. “ಏಪ್ರಿಲ್ 2026” ಅಂತ ಬರೀ ತಿಂಗಳು ಬರೆದ್ರೆ ಸಾಲದು. ಎಕ್ಸ್‌ಪೈರಿಯನ್ನ ಗಿರಾಕಿ ಕೈಲಿ ಲೆಕ್ಕ ಹಾಕಿಸಬೇಡಿ, ದಿನಾಂಕವನ್ನೇ ಬರೆದುಬಿಡಿ.

ಬ್ಯಾಚ್ ನಂಬರ್ ಹೇಗೂ ಬರೀಲೇಬೇಕು. ತಯಾರಿಸಿದ ದಿನವನ್ನೇ ಬ್ಯಾಚ್ ನಂಬರ್ ಮಾಡ್ಕೊಂಡ್ರೆ ಡಬ್ಬಿ ಮೇಲೆ, ನೋಟ್‌ಬುಕ್‌ನಲ್ಲಿ, ಪ್ಯಾಕೆಟ್ ಮೇಲೆ ಎಲ್ಲ ಕಡೆ ಒಂದೇ ನಂಬರ್. ಪ್ಯಾಕ್ ಮಾಡಿದ ದಿನ ಎಷ್ಟೇ ಬದಲಾದ್ರೂ ಆ ನಂಬರ್ ಬದಲಾಗಲ್ಲ. ಯಾರಾದ್ರೂ “ಪುಡಿ ಕಮಟಾಗಿದೆ” ಅಂತ ಮೆಸೇಜ್ ಮಾಡಿದ್ರೆ ಅದೇ ಬ್ಯಾಚ್ ಇನ್ಯಾರಿಗೆ ಹೋಗಿದೆ ಅಂತ ಎರಡು ನಿಮಿಷದಲ್ಲಿ ಸಿಗುತ್ತೆ.

ಇಡೋ ವಿಧಾನದ ಸಾಲು ಅಲಂಕಾರಕ್ಕಲ್ಲ. ಎಕ್ಸ್‌ಪೈರಿ ಮಾತು ನಿಲ್ಲೋದೇ ಆ ಷರತ್ತಿನ ಮೇಲೆ. ಒದ್ದೆ ಚಮಚ ಹಾಕಿದ್ರೆ ಯಾವ ತಾರೀಖೂ ಕಾಪಾಡಲ್ಲ.

ನಿಯಮದ ಪ್ರಕಾರ ಲೇಬಲ್ ಇಂಗ್ಲಿಷ್‌ನಲ್ಲೋ ಹಿಂದಿಯಲ್ಲೋ ಇರಲೇಬೇಕು, ಜೊತೆಗೆ ಬೇರೆ ಭಾಷೆ ಹಾಕಬಹುದು. ಇಂಗ್ಲಿಷ್ ಸಾಲಿನ ಕೆಳಗೆ ಕನ್ನಡದಲ್ಲೂ ಹಾಕಿ. ಊಟದ ಹೊತ್ತಿಗೆ ಆ ಪ್ಯಾಕೆಟ್ ತೆಗೆಯೋದು ಬಹಳ ಸಲ ಮನೆಯ ಅಮ್ಮನೋ ಅಜ್ಜಿಯೋ. ಆರ್ಡರ್ ಮಾಡಿದ ಮಗಳು ಬೇರೆ ಊರಲ್ಲಿರ್ತಾಳೆ. 👉

📌 7/8

ಕ್ಲಿಯರೆನ್ಸ್ ಸೇಲ್‌ಗೆ ಬರೋಣ. ಅದೇ ಬ್ಯಾಚ್‌ನಲ್ಲಿ ಏಪ್ರಿಲ್ ಎರಡನೇ ವಾರಕ್ಕೆ 12 ಪ್ಯಾಕೆಟ್ ಉಳೀತು. ಏನ್ಮಾಡೋದು?

2024ರಲ್ಲಿ ಎಫ್‌ಎಸ್‌ಎಸ್‌ಎಐ ಇ-ಕಾಮರ್ಸ್ ಕಂಪನಿಗಳಿಗೆ ಒಂದು ಮಾತು ಹೇಳಿತು: ಡೆಲಿವರಿ ಆಗೋ ಹೊತ್ತಿಗೆ ಕನಿಷ್ಠ 30 ಪರ್ಸೆಂಟ್ ಅವಧಿ, ಅಥವಾ ಎಕ್ಸ್‌ಪೈರಿಗೆ 45 ದಿನ ಉಳಿದಿರಬೇಕು ಅಂತ. ಅದು ದೊಡ್ಡ ಆ್ಯಪ್‌ಗಳನ್ನ ಕರೆದು ಹೇಳಿದ್ದು. ಆದರೂ ನಾನು ಆ 30 ಪರ್ಸೆಂಟನ್ನ ಗೆರೆ ಮಾಡ್ಕೊಂಡಿದ್ದೀನಿ. 60 ದಿನದಲ್ಲಿ 30 ಪರ್ಸೆಂಟ್ ಅಂದ್ರೆ 18 ದಿನ. ಏಪ್ರಿಲ್ 13ಕ್ಕೆ, ಆ ದಿನವೂ ಸೇರಿ, ಉಳಿಯೋದು ಸರಿಯಾಗಿ 18 ದಿನ. ಅಲ್ಲಿಂದ ಪೂರ್ತಿ ಬೆಲೆ ನಿಲ್ಲಿಸಿ, 150 ರೂಪಾಯಿ ಪ್ಯಾಕೆಟ್ 110ಕ್ಕೆ.

ಪೋಸ್ಟ್‌ನಲ್ಲಿ ಬರೆಯೋದು: “ಮಾರ್ಚ್ 2ರಂದು ಮಾಡಿದ್ದು. ಏಪ್ರಿಲ್ 30ರೊಳಗೆ ತಿಂದು ಮುಗಿಸಬೇಕು. ಅದಕ್ಕೇ ಬೆಲೆ ಕಮ್ಮಿ. ಈ ವಾರವೇ ಬಳಸೋರು ಮಾತ್ರ ತಗೊಳ್ಳಿ.” ಜೊತೆಗೆ ಲೇಬಲ್‌ನ ಹತ್ತಿರದ ಫೋಟೋ. “ಹಬ್ಬದ ಆಫರ್”, “ಲಿಮಿಟೆಡ್ ಸ್ಟಾಕ್” ಅಂತ ಬರೆದು ತಾರೀಖು ಮುಚ್ಚಿಟ್ರೆ ಅದು ಕ್ಲಿಯರೆನ್ಸ್ ಅಲ್ಲ, ಬೇರೆ ಏನೋ.

ಕೊರಿಯರ್ ಏಪ್ರಿಲ್ 22ಕ್ಕೆ ಕೊನೆ. ಮೂರು ದಿನ ದಾರಿ ಅಂದ್ರೆ 25ಕ್ಕೆ ಕೈಗೆ ಸಿಗುತ್ತೆ, ತಿನ್ನೋಕೆ ಆರು ದಿನ. ನಾಲ್ಕು ಜನ ದಿನಕ್ಕೊಂದು ಚಮಚದಂತೆ ಹಾಕ್ಕೊಂಡ್ರೆ ಕಾಲು ಕೆಜಿ ಸುಮಾರು ಅಷ್ಟೇ ದಿನಕ್ಕೆ ಮುಗಿಯುತ್ತೆ. ಅದಕ್ಕೇ “ಎರಡು ತಗೊಂಡ್ರೆ ಒಂದು ಫ್ರೀ” ಅನ್ನೋದು ಇಲ್ಲಿ ತಪ್ಪು. ಮೂರು ಪ್ಯಾಕೆಟ್ ಕೊಟ್ರೆ ಎರಡು ಅವರ ಮನೆಯಲ್ಲಿ ಎಕ್ಸ್‌ಪೈರ್ ಆಗುತ್ತೆ. ನಮ್ಮ ಕಪಾಟು ಖಾಲಿಯಾಯ್ತು, ನಷ್ಟ ಅವರ ಕಪಾಟಿಗೆ ಹೋಯ್ತು ಅಷ್ಟೇ. ಒಬ್ಬರಿಗೆ ಒಂದೇ ಪ್ಯಾಕೆಟ್, ಬೆಲೆ ಕಮ್ಮಿ.

22ರ ನಂತರ ಅಕ್ಕಪಕ್ಕದೋರು ಬಂದು ತಗೊಂಡು ಹೋಗೋದಿದ್ರೆ ಮಾತ್ರ. 30ರ ನಂತರ ಯಾರಿಗೂ ಇಲ್ಲ. ಬೇರೆ ಆರ್ಡರ್ ಜೊತೆ “ಫ್ರೀ ಸ್ಯಾಂಪಲ್” ಆಗಿಯೂ ಇಲ್ಲ, ಮನೆ ಕೆಲಸಕ್ಕೆ ಬರೋರಿಗೆ ಕೊಟ್ಟು ಕಳಿಸೋದೂ ಇಲ್ಲ. ಗಿರಾಕಿ ತಿನ್ನಬಾರದ್ದು ಅವರೂ ತಿನ್ನಬಾರದ್ದೇ.

ಇನ್ನೊಂದು: ಬೆಲೆ ಇಳಿಸೋಕೆ ಹಳೇ ಎಂಆರ್‌ಪಿ ಮುಚ್ಚದ ಹಾಗೆ ಪಕ್ಕದಲ್ಲಿ ಕಡಿಮೆ ಬೆಲೆಯ ಸ್ಟಿಕ್ಕರ್ ಅಂಟಿಸಬಹುದು, ಕಾನೂನು ಅದಕ್ಕೆ ಒಪ್ಪುತ್ತೆ. ತಾರೀಖಿನ ಮೇಲೆ ಸ್ಟಿಕ್ಕರ್ ಹಚ್ಚೋದು, ಹಳೇ ಕವರ್ ಕತ್ತರಿಸಿ ಹೊಸ ಕವರ್‌ಗೆ ಸುರಿದು ಹೊಸ ಪ್ಯಾಕಿಂಗ್ ದಿನ ಹಾಕೋದು, ಎರಡೂ ಆ ಸಾಲಿಗೆ ಬರಲ್ಲ. ಅವಧಿ ಮುಗಿದ ಮೇಲೆ ಮಾರಿದ್ದಕ್ಕೆ ಮಾರಿದವರೇ ಹೊಣೆ ಅಂತ 2006ರ ಆಹಾರ ಸುರಕ್ಷತಾ ಕಾಯ್ದೆಯಲ್ಲೇ ಇದೆ. ನಮ್ಮಂಥವರಲ್ಲಿ ಮಾಡಿದವರೂ ನಾವೇ, ಮಾರಿದವರೂ ನಾವೇ. 👉

📌 8/8

ಈ ಲೆಕ್ಕ ಒಣ ಪದಾರ್ಥಕ್ಕೆ. ಚಟ್ನಿಪುಡಿ, ಸಾರಿನಪುಡಿ, ಹಪ್ಪಳ, ಸಂಡಿಗೆ ಇಂಥವು ಹಾಳಾದ್ರೆ ಮೂಗಿಗೆ, ಕಣ್ಣಿಗೆ ಬಹುಮಟ್ಟಿಗೆ ಗೊತ್ತಾಗುತ್ತೆ. ಕಾಯಿಹೋಳಿಗೆ, ಹಸಿ ತೆಂಗಿನಕಾಯಿ ಹಾಕಿದ ಗೊಜ್ಜು, ಎಣ್ಣೆಯಲ್ಲಿ ಮುಳುಗಿಸಿದ ಹಸಿ ಬೆಳ್ಳುಳ್ಳಿ ಇವುಗಳಲ್ಲಿ ನೀರಿನಂಶ ಇದೆ. ಅದರಲ್ಲೂ ಎಣ್ಣೆಯೊಳಗಿನ ಬೆಳ್ಳುಳ್ಳಿಯಲ್ಲಿ ಗಾಳಿ ಇಲ್ಲದ ಕಡೆ ಬೆಳೆಯೋ ಬೊಟುಲಿಸಂ ಬ್ಯಾಕ್ಟೀರಿಯಾದ ವಿಷಕ್ಕೆ ಬಣ್ಣ, ರುಚಿ ಯಾವುದೂ ಸುಳಿವು ಕೊಡಲ್ಲ. ಇವಕ್ಕೆ ಮನೆಯಲ್ಲಿ ರುಚಿ ನೋಡಿ ದಿನ ನಿಗದಿ ಮಾಡೋದೂ ಬೇಡ, ಕ್ಲಿಯರೆನ್ಸ್ ಸೇಲೂ ಬೇಡ. ಆರ್ಡರ್ ಬಂದಷ್ಟೇ ಮಾಡಿ.

“ನಮ್ಮ ಅಜ್ಜಿ ಡೇಟ್ ಬರೆದಿಡ್ತಿದ್ರಾ?” ಅಂತ ಕಾಮೆಂಟ್ ಬಂದೇ ಬರುತ್ತೆ. ಬರೀತಿರಲಿಲ್ಲ. ಯಾಕಂದ್ರೆ ಕುಟ್ಟಿದವರೂ ಅವರೇ, ಡಬ್ಬಿ ತೆಗೆದು ಬಡಿಸಿದವರೂ ಅವರೇ. ತಾರೀಖು ಅವರ ತಲೆಯಲ್ಲೇ ಇತ್ತು. ನಾವು ಮಾಡಿದ್ದನ್ನ ನೂರಾರು ಕಿಲೋಮೀಟರ್ ದೂರದಲ್ಲಿ ಗುರುತಿಲ್ಲದವರು ತೆಗೆದು ತಿಂತಾರೆ. ನಮ್ಮ ತಲೆಯಲ್ಲಿರೋದು ಅವರಿಗೆ ತಲುಪೋಕೆ ಇರೋದು ಆ ಎರಡಿಂಚಿನ ಸ್ಟಿಕ್ಕರ್ ಒಂದೇ.

“ಪ್ರಿಸರ್ವೇಟಿವ್ ಹಾಕಿಲ್ಲ, ಹಾಗಾಗಿ ಎಕ್ಸ್‌ಪೈರಿ ಬರೆದಿಲ್ಲ” ಅನ್ನೋರಿಗೂ ಒಂದು ಮಾತು. ಪ್ರಿಸರ್ವೇಟಿವ್ ಇಲ್ಲ ಅನ್ನೋದು ತಾರೀಖು ಬಿಡೋಕೆ ಕಾರಣ ಅಲ್ಲ, ತಾರೀಖನ್ನ ಇನ್ನೂ ಬಿಗಿಯಾಗಿ ಬರೆಯೋಕೆ ಕಾರಣ.

ಕೊಳ್ಳೋರಿಗೆ: ದುಡ್ಡು ಕಳಿಸೋ ಮೊದಲು ಒಂದೇ ಪ್ರಶ್ನೆ ಕೇಳಿ. “ಪ್ಯಾಕ್ ಮಾಡಿದ್ದು ಯಾವಾಗ” ಅಂತಲ್ಲ, “ಕುಟ್ಟಿದ್ದು ಯಾವತ್ತು, ಅಕ್ಕಾ?” ಅಂತ. ನೋಟ್‌ಬುಕ್ ಇಟ್ಟವರು ಆ ಕ್ಷಣವೇ ತಾರೀಖು ಹೇಳ್ತಾರೆ. “ಫ್ರೆಶ್ಶೇ ಇದೆ, ಆರ್ಡರ್ ಬಂದ ಮೇಲೇ ಪ್ಯಾಕ್ ಮಾಡೋದು” ಅಂತ ಉತ್ತರ ಬಂದ್ರೆ ನಿಮ್ಮ ಪ್ರಶ್ನೆಗೆ ಉತ್ತರ ಸಿಕ್ಕಿಲ್ಲ ಅಂತ ತಿಳ್ಕೊಳ್ಳಿ, ಇನ್ನೊಂದು ಸಲ ಕೇಳಿ.

ಮಾರೋರಿಗೆ: ಇವತ್ತು ಸಂಜೆ ನಿಮ್ಮ ದೊಡ್ಡ ಡಬ್ಬಿ ಮೇಲೆ ಒಂದು ಟೇಪ್ ಅಂಟಿಸಿ, ಮಾಡಿದ ದಿನ ಬರೀರಿ. ಡಬ್ಬಿ ಮೇಲೆ ಇಲ್ಲದ ತಾರೀಖು ಪ್ಯಾಕೆಟ್ ಮೇಲೆ ಸರಿಯಾಗಿ ಬರೋಕೆ ಸಾಧ್ಯ ಇಲ್ಲ.

ಲೇಬಲ್‌ನ ಮಾದರಿ 6ನೇ ಪೋಸ್ಟ್‌ನಲ್ಲಿದೆ, ಸೇವ್ ಮಾಡ್ಕೊಳ್ಳಿ. ನೀವು ಮಾಡೋ ಪದಾರ್ಥಕ್ಕೆ ಎಷ್ಟು ದಿನ ಬರೀತೀರಿ, ಅದನ್ನ ಹೇಗೆ ಗೊತ್ತು ಮಾಡ್ಕೊಂಡ್ರಿ ಅಂತ ಕೆಳಗೆ ಹೇಳಿ.

#ಮನೆತಿಂಡಿ #ಚಟ್ನಿಪುಡಿ #ಲೇಬಲ್_ಓದಿ #ಎಕ್ಸ್‌ಪೈರಿ #ಮನೆಯಿಂದ_ವ್ಯಾಪಾರ